ಮೋರಿಯ ಬಾಯಿಗೆ ಕಸದ ಜಾಲರಿ: ಅದರ ಅಳತೆ, ಇಡುವ ಕ್ರಮ, ಮತ್ತು ಹಳ್ಳದ ತೇಲುಬೇಲಿ

ಸಿಂಧನೂರು, ಮಸ್ಕಿ, ಲಿಂಗಸುಗೂರು ಸೀಮೆಯ ಹಳ್ಳಿಗಳಲ್ಲಿ ಊರ ಚರಂಡಿಯ ನೀರು ಸಾಮಾನ್ಯವಾಗಿ ರಸ್ತೆಯಡಿಯ ಒಂದು ಮೋರಿಯನ್ನು ದಾಟಿ ಹಳ್ಳವನ್ನು ಸೇರುತ್ತದೆ. ಬೇಸಿಗೆಯ ನಾಲ್ಕು ತಿಂಗಳು ಈ ಚರಂಡಿಗಳಲ್ಲಿ ಹರಿಯುವ ನೀರು ಅತ್ಯಲ್ಪ. ಆ ಕಾಲದಲ್ಲಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಭತ್ತದ ಹುಲ್ಲು, ಬಳ್ಳಾರಿ ಜಾಲಿಯ ಕೊಂಬೆ, ಹರಿದ ಗೊಬ್ಬರದ ಚೀಲ, ಪ್ಲಾಸ್ಟಿಕ್ ಕೈಚೀಲ, ನೀರಿನ ಬಾಟಲಿ ಮೊದಲಾದವು ಅದರಲ್ಲಿ ಸೇರಿಕೊಳ್ಳುತ್ತವೆ. ಮೃಗಶಿರದ ಮೊದಲ ದೊಡ್ಡ ಮಳೆಯು ನಾಲ್ಕು ತಿಂಗಳ ಈ ಸಂಗ್ರಹವನ್ನೆಲ್ಲ ಒಂದೇ ಗಳಿಗೆಯಲ್ಲಿ ಎತ್ತಿ ತಂದು ಮೋರಿಯ ಬಾಯಿಗೆ ತುರುಕುತ್ತದೆ. ಆಗ ನೀರು ಹಿಂದಕ್ಕೆ ಸರಿದು ಕೇರಿಗೆ ನುಗ್ಗುತ್ತದೆ, ಇಲ್ಲವೆ ರಸ್ತೆಯ ಮೇಲೆ ಹಾರಿ ಅದರ ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ.

ಹೊಲಗಳಿಗೆ ಆಗುವ ಹಾನಿಯೂ ಇದಕ್ಕಿಂತ ಕಡಿಮೆಯದಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಲ್ಲಿಸಿದ ತರುವಾಯ ಎಡದಂಡೆ ಕಾಲುವೆಯ ಕೆಳಗಿನ ಎರೆಭೂಮಿಯು ಭತ್ತದ ಬಯಲಾಯಿತು. ಎರೆಮಣ್ಣು ನೀರನ್ನು ಬೇಗ ಕೆಳಕ್ಕೆ ಬಿಡತಕ್ಕದ್ದಲ್ಲ. ಗದ್ದೆಯಿಂದ ಹೊರಬೀಳುವ ನೀರು ಬಸಿಗಾಲುವೆಯ ಮೂಲಕ ಹಳ್ಳಕ್ಕೆ ಹೋಗಲೇಬೇಕು. ಬಸಿಗಾಲುವೆಯ ಮೋರಿಯು ಕಟ್ಟಿಕೊಂಡು ನೀರು ವಾರಗಟ್ಟಲೆ ನಿಂತರೆ ಅಂತರ್ಜಲವು ಬೇರಿನ ಮಟ್ಟಕ್ಕೆ ಏರಿ, ಉಪ್ಪನ್ನು ಮೇಲಕ್ಕೆ ತಂದು, ಒಳ್ಳೆಯ ಹೊಲವು ಕ್ರಮೇಣ ಸವಳು-ಜವಳಿಗೆ ತಿರುಗುತ್ತದೆ. ಆದಕಾರಣ ಮೋರಿಯ ಬಾಯಿಯನ್ನು ಕಸದಿಂದ ಕಾಯುವ ಜಾಲರಿಯ ವಿಷಯವನ್ನು ಊರಿನ ಮುಖಂಡರೂ ಭೂಮಾಲೀಕರೂ ಸ್ವಲ್ಪ ವಿವರವಾಗಿ ತಿಳಿದಿರುವುದು ಅವಶ್ಯ.

ಸಾಮಾನ್ಯವಾಗಿ ಆಗುವ ತಪ್ಪು

ಕಸವು ಮೋರಿಯೊಳಗೆ ಹೋಗುತ್ತದೆಂದು ಕಂಡವರು ಮೊದಲು ಮಾಡುವ ಉಪಾಯವೇನೆಂದರೆ, ಕೊಳವೆಯ ಬಾಯಿಗೇ ಒಂದು ತಂತಿಯ ಬಲೆಯನ್ನೋ ಕಬ್ಬಿಣದ ಸರಳುಗಳನ್ನೋ ನೇರವಾಗಿ ಬಡಿದುಬಿಡುವುದು. ಇದರಿಂದ ಕೊಳವೆಯೊಳಗೆ ಕಸ ಹೋಗದು, ನಿಜ. ಆದರೆ ಮೊದಲ ಮಳೆಯಲ್ಲಿಯೇ ನೀರೂ ಹೋಗದು. ಒಂದು ಅಂಗುಲದ ಕಣ್ಣುಳ್ಳ ಬಲೆಯನ್ನು ಮುಚ್ಚುವುದಕ್ಕೆ ಒದ್ದೆಯಾದ ನಾಲ್ಕು ಕೈಚೀಲಗಳೂ ಒಂದು ಹಿಡಿ ಹುಲ್ಲೂ ಸಾಕು. ಇಂಥ ಬಲೆಯು ಇಲ್ಲದಿದ್ದರೆ ಕೊಳವೆಯ ಮೂಲಕ ಸುಲಭವಾಗಿ ಹೊರಟುಹೋಗುತ್ತಿದ್ದ ಚಿಕ್ಕ ಕಸವೂ ಬಲೆಯ ಮೇಲೆ ಅಂಟಿಕೊಂಡು ದೊಡ್ಡ ಕಸಕ್ಕೆ ಗಾರೆಯಂತೆ ನೆರವಾಗುತ್ತದೆ. ಹೀಗೆ ಜಾಲರಿಯಿಲ್ಲದ ಮೋರಿಗಿಂತ ಕೆಟ್ಟ ಜಾಲರಿಯುಳ್ಳ ಮೋರಿಯೇ ಹೆಚ್ಚು ಅಪಾಯಕಾರಿಯಾಗುವುದುಂಟು.

ಜಾಲರಿಯ ಕೆಲಸವು ಕಸವನ್ನೆಲ್ಲ ಸೋಸುವುದಲ್ಲ. ಕೊಳವೆಯೊಳಗೆ ಸಿಕ್ಕಿಕೊಳ್ಳಬಲ್ಲ ಕೊಂಬೆ, ಚೀಲ, ಹಾಸಿಗೆ, ಕಟ್ಟಿಗೆಯ ಕಂತೆ ಇವುಗಳನ್ನು ಕೈಗೆ ಸಿಗುವ ಜಾಗದಲ್ಲಿ ಹಿಡಿದು ನಿಲ್ಲಿಸುವುದಷ್ಟೇ ಅದರ ಕೆಲಸ. ಮೂರು ಅಡಿಯ ಕೊಳವೆಯನ್ನು ಎಲೆಯಾಗಲಿ ಗುಟ್ಕಾ ಚೀಟಿಯಾಗಲಿ ಕಟ್ಟಲಾರದು. ಅಂಥವುಗಳನ್ನು ಹೋಗಗೊಟ್ಟು, ಬೇಕಾದರೆ ಮುಂದೆ ನೀರು ನಿಧಾನವಾಗುವಲ್ಲಿ ಬೇರೆ ಸಾಧನದಿಂದ ಹಿಡಿಯತಕ್ಕದ್ದು.

ಅಳತೆಯ ನಿಯಮ

ಈ ವಿಷಯದಲ್ಲಿ ನೆನಪಿಡಬೇಕಾದ ನಿಯಮ ಒಂದೇ: ಜಾಲರಿಯ ಸರಳುಗಳ ನಡುವಣ ತೆರಪೆಲ್ಲ ಸೇರಿ ಕೊಳವೆಯ ಬಾಯಿಯ ನಾಲ್ಕರಷ್ಟಕ್ಕೆ ಕಡಿಮೆಯಿರಬಾರದು. ಏಕೆಂಬುದು ಒಂದು ಉದಾಹರಣೆಯಿಂದ ಸ್ಪಷ್ಟವಾಗುವುದು.

ಊರ ಚರಂಡಿಯು ಮೂರು ಅಡಿ ವ್ಯಾಸದ ಸಿಮೆಂಟು ಕೊಳವೆಯ ಮೂಲಕ ರಸ್ತೆಯನ್ನು ದಾಟುತ್ತದೆಂದು ಇಟ್ಟುಕೊಳ್ಳೋಣ. ಕೊಳವೆಯ ಬಾಯಿಯ ವಿಸ್ತೀರ್ಣ ಸುಮಾರು 7 ಚದರ ಅಡಿ. ಜೋರು ಮಳೆಯಲ್ಲಿ ನೀರು ಸೆಕೆಂಡಿಗೆ 5 ಅಡಿಯ ವೇಗದಲ್ಲಿ ತುಂಬಿ ಹರಿದರೆ ಅದು 35 ಕ್ಯೂಸೆಕ್ ಆಯಿತು. ನಿಯಮದ ಪ್ರಕಾರ ಜಾಲರಿಯ ತೆರಪು 28 ಚದರ ಅಡಿಗೆ ಕಡಿಮೆಯಿರಕೂಡದು.

ಇದನ್ನು ಪಡೆಯುವ ಬಗೆ ಹೀಗೆ. ಮೋರಿಯ ಮುಂದೆ ಚರಂಡಿಯನ್ನು 6 ಅಡಿ ಅಗಲಕ್ಕೂ 5 ಅಡಿ ಆಳಕ್ಕೂ ಹಿಗ್ಗಿಸಿ, ತಳಕ್ಕೂ ಪಕ್ಕಕ್ಕೂ ಕಲ್ಲು ಅಥವಾ ಕಾಂಕ್ರೀಟು ಹಾಕಬೇಕು. ಎರೆಮಣ್ಣಿನ ಪಕ್ಕಗಳು ಬಿರುಕುಬಿಟ್ಟು ಕುಸಿಯುವುದರಿಂದ ಇದನ್ನು ಬಿಡುವಂತಿಲ್ಲ. ಈ ಹೊಂಡದಲ್ಲಿ ಜಾಲರಿಯನ್ನು ನೆಟ್ಟಗೆ ನಿಲ್ಲಿಸದೆ ಓರೆಯಾಗಿ ಒರಗಿಸಬೇಕು. ಬುಡವು ನೀರು ಬರುವ ಕಡೆಗೂ ತಲೆಯು ಮೋರಿಯ ಕಡೆಗೂ ಇರಬೇಕು. ತಳದಿಂದ 4 ಅಡಿ ಎತ್ತರದವರೆಗೆ ಅರ್ಧ ಲಂಬದ ಓರೆಯಲ್ಲಿ, ಅಂದರೆ 45 ಅಂಶದ ಕೋನದಲ್ಲಿ, ಒರಗಿಸಿದರೆ ಜಾಲರಿಯ ಉದ್ದ 5 ಅಡಿ 8 ಅಂಗುಲವಾಗುತ್ತದೆ. ಅಗಲ 6 ಅಡಿಯಾದ್ದರಿಂದ ವಿಸ್ತೀರ್ಣ 34 ಚದರ ಅಡಿ. 10 ಮಿಲಿಮೀಟರು ದಪ್ಪದ ಪಟ್ಟಿಗಳನ್ನು ಸುಮಾರು 4 ಅಂಗುಲದ ಅಂತರದಲ್ಲಿ ಇಟ್ಟರೆ, ಪಟ್ಟಿಗಳು ಆಕ್ರಮಿಸಿದ ಜಾಗವನ್ನು ಕಳೆದು 31 ಚದರ ಅಡಿಯಷ್ಟು ತೆರಪು ಉಳಿಯುತ್ತದೆ. ನಮಗೆ ಬೇಕಾದದ್ದು 28.

ಈಗ ನೀರು ಜಾಲರಿಯ ತಲೆಯವರೆಗೆ ತುಂಬಿ 35 ಕ್ಯೂಸೆಕ್ ಹರಿಯುವಾಗ ಏನಾಗುವುದೆಂದು ನೋಡೋಣ. ಜಾಲರಿಯು ಶುದ್ಧವಾಗಿದ್ದಾಗ ಅದರ ಮುಂದಿನ ನೀರು ಹಿಂದಿನ ನೀರಿಗಿಂತ ಮುಕ್ಕಾಲು ಅಂಗುಲ ಮಾತ್ರ ಎತ್ತರವಾಗಿರುತ್ತದೆ. ಅರ್ಧ ತೆರಪು ಕಸದಿಂದ ಮುಚ್ಚಿದಾಗ ಈ ಏರು ಸುಮಾರು 3 ಅಂಗುಲ. ನಾಲ್ಕರಲ್ಲಿ ಮೂರು ಪಾಲು ಮುಚ್ಚಿದಾಗ 11 ಅಂಗುಲ. ಹತ್ತರಲ್ಲಿ ಒಂಬತ್ತು ಪಾಲು ಮುಚ್ಚಿದರೆ ಲೆಕ್ಕದಲ್ಲಿ ಐದೂವರೆ ಅಡಿಯಾಗುತ್ತದೆ; ಎಂದರೆ ನೀರು ಜಾಲರಿಯ ತಲೆಯನ್ನು ದಾಟಿ ಹಾರಲೇಬೇಕು. ಅದೇ ಸರಳುಗಳನ್ನು ಕೊಳವೆಯ ಬಾಯಿಗೇ ಬಡಿದಿದ್ದರೆ ತೆರಪು ಆರೂವರೆ ಚದರ ಅಡಿಯೂ ಇರದು, ಮತ್ತು ಅರ್ಧ ಮುಚ್ಚಿದಾಗಲೇ ನೀರು ಐದು ಅಡಿ ಏರಬೇಕಾಗುತ್ತದೆ. ಅಷ್ಟೇ ಕಸ, ಅಷ್ಟೇ ನೀರು. ಒಂದರಲ್ಲಿ ಮೂರು ಅಂಗುಲ, ಇನ್ನೊಂದರಲ್ಲಿ ಐದು ಅಡಿ. ಓರೆಯ ದೊಡ್ಡ ಜಾಲರಿಗೆ ಆಗುವ ಹೆಚ್ಚಿನ ಖರ್ಚಿಗೆ ಇದೇ ಸಮಾಧಾನ.

ಈ ಅಂಕಿಗಳಿಂದ ಇನ್ನೊಂದು ಸಂಗತಿಯೂ ತಿಳಿಯುತ್ತದೆ. ಜಾಲರಿಯು ಅರ್ಧ ಮುಚ್ಚುವವರೆಗೆ ಏನೂ ಆಗಿಲ್ಲವೆಂಬಂತೆ ತೋರುತ್ತದೆ. ಅಲ್ಲಿಂದ ಮುಂದೆ ಪ್ರತಿಯೊಂದು ಹಿಡಿ ಕಸಕ್ಕೂ ನೀರು ಹಿಂದಿಗಿಂತ ಬೇಗಬೇಗನೆ ಏರುತ್ತದೆ. ಆದ್ದರಿಂದ ನೀರು ಏರಿದ ಮೇಲೆ ಆಳುಗಳನ್ನು ಕರೆಯಲು ಹೋದರೆ ಹೊತ್ತು ಮೀರಿರುತ್ತದೆ.

ಕಟ್ಟುವಾಗ ಲಕ್ಷಿಸಬೇಕಾದ ಅಂಶಗಳು

1. ಜಾಲರಿಯ ತಲೆಯು ದಡಕ್ಕಿಂತ ಒಂದು ಅಡಿ ತಗ್ಗಾಗಿರಬೇಕು. ಮೇಲಿನ ಉದಾಹರಣೆಯಲ್ಲಿ ದಡ 5 ಅಡಿ, ಜಾಲರಿ 4 ಅಡಿ. ಕಸವು ಪೂರ್ತಿ ಕಟ್ಟಿದಾಗ ನೀರು ಕೇರಿಗೆ ಹೋಗದೆ ಈ ಒಂದು ಅಡಿಯ ಸಂದಿನಿಂದ ಜಾಲರಿಯ ಮೇಲೆ ಹಾರಿ ಹಿಂದಿನ ಹೊಂಡಕ್ಕೆ ಬೀಳುತ್ತದೆ. 6 ಅಡಿ ಅಗಲದ ಸಂದಿನಲ್ಲಿ ಹೀಗೆ ಸುಮಾರು 20 ಕ್ಯೂಸೆಕ್ ದಾಟಬಹುದು. ಉಳಿದ 15 ಕ್ಯೂಸೆಕ್, ಕಸದ ನಡುವೆ ಹತ್ತರಲ್ಲಿ ಒಂದು ಪಾಲು ತೆರಪು ಉಳಿದಿದ್ದರೂ, ಅಷ್ಟೇ ಏರಿನಿಂದ ಸಾಗಿಹೋಗುತ್ತದೆ. ಕಸ ತೆಗೆಯುವವನು ಆ ರಾತ್ರಿ ಬಾರದೆ ಹೋದರೂ ಊರು ಉಳಿಯುವುದು ಈ ಒಂದು ಅಡಿಯಿಂದಲೇ.

2. ಜಾಲರಿಯ ಬುಡವನ್ನು ತಳಕ್ಕೆ ತಾಗಿಸದೆ 4 ಅಂಗುಲ ಮೇಲಕ್ಕೆ, ಒಂದು ಅಡ್ಡಕೋನದ ಮೇಲೆ ನಿಲ್ಲಿಸಬೇಕು. ಪ್ರತಿದಿನದ ಬಚ್ಚಲ ನೀರೂ ರೇವೆಯೂ ಇದರಡಿ ಹಾದುಹೋಗುತ್ತವೆ. ಲಿಂಗಸುಗೂರಿನ ಕಡೆಯ ಕಲ್ಲುಮಿಶ್ರಿತ ಇಳಿಜಾರು ಭೂಮಿಯಲ್ಲಿ ನೀರು ಗರಸನ್ನೂ ಉರುಳುಗಲ್ಲುಗಳನ್ನೂ ತರುವುದರಿಂದ, ಜಾಲರಿಯ ಹತ್ತು ಹೆಜ್ಜೆ ಮುಂದೆ ಒಂದೂವರೆ ಅಡಿ ಆಳದ ಕಲ್ಲುಗುಂಡಿಯೊಂದನ್ನು ತೋಡಿಡುವುದು ಅವಶ್ಯ.

3. ಸರಳುಗಳು ಮೇಲಿನಿಂದ ಕೆಳಕ್ಕೆ ಮಾತ್ರ ಇರತಕ್ಕದ್ದು. ಮುಂಭಾಗದಲ್ಲಿ ಅಡ್ಡಸರಳು ಇರಕೂಡದು. ಅಡ್ಡಸರಳು ಕಂಡಲ್ಲೆಲ್ಲ ಕಟ್ಟಿಗೆಯು ಹೆಣೆದುಕೊಳ್ಳುತ್ತದೆ, ಕಸ ಎಳೆಯುವ ಹಲುಬೆಯೂ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಬಲಕ್ಕಾಗಿ ಬೇಕಾದ ಅಡ್ಡಪಟ್ಟಿಗಳನ್ನು ಹಿಂಭಾಗದಲ್ಲಿ ಬೆಸೆಯಬೇಕು.

4. ಮೇಲಿನ ಉದಾಹರಣೆಯ ಜಾಲರಿಗೆ 50 ಮಿಲಿಮೀಟರು ಅಗಲ, 10 ಮಿಲಿಮೀಟರು ದಪ್ಪದ ಪಟ್ಟಿಗಳು 6 ಅಡಿ ಉದ್ದದವು 16 ಬೇಕು. ಇವುಗಳ ತೂಕ ಸುಮಾರು 115 ಕಿಲೋಗ್ರಾಂ. ಅಡ್ಡಪಟ್ಟಿ ಮತ್ತು ಕೋನಗಳ ತೂಕವನ್ನು ಇದಕ್ಕೆ ಸೇರಿಸಿ, ಸ್ಥಳೀಯ ಧಾರಣೆಯಂತೆ ಲೆಕ್ಕ ಹಾಕಿಕೊಳ್ಳಬಹುದು. ಪಟ್ಟಿಯ ದಪ್ಪ ಅಂಚು ನೀರಿಗೆ ಎದುರಾಗಿಯೂ ಅಗಲವು ನೀರಿನ ಹರಿವಿನ ಉದ್ದಕ್ಕೂ ಇರಬೇಕು. ಆಗಲೇ ಅದು ಬಾಗದೆ ನಿಲ್ಲುತ್ತದೆ.

5. ಜಾಲರಿಯ ತಲೆಗೂ ಕೊಳವೆಯ ಬಾಯಿಗೂ ನಡುವೆ 3 ಅಡಿಯಾದರೂ ಜಾಗ ಬಿಡಬೇಕು. ಕೊಳವೆಯ ಬಾಯಲ್ಲಿ ನೀರಿನ ಸೆಳೆತ ಬಲವಾಗಿರುತ್ತದೆ, ದೂರದ ಜಾಲರಿಯ ಮುಂದೆ ಅದು ಸಾವಕಾಶವಾಗಿರುತ್ತದೆ. ಮಗುವೋ ಕುರಿಯೋ ಚರಂಡಿಗೆ ಬಿದ್ದರೆ ಕೊಳವೆಯ ಬಾಯಿಗೆ ಬಡಿದ ಜಾಲರಿಯು ಅದನ್ನು ನೀರಿನಡಿಯಲ್ಲಿಯೇ ಒತ್ತಿ ಹಿಡಿಯುತ್ತದೆ. ಓರೆ ಜಾಲರಿಯಾದರೆ ಹತ್ತಿ ಬರಲು ಏಣಿಯಂತೆ ಆಗುತ್ತದೆ.

6. ಜಾಲರಿಯ ಹಿಂದೆ, ದಡದ ಮಟ್ಟದಲ್ಲಿ, ಎರಡು ಅಡಿ ಅಗಲದ ಹಲಗೆಯನ್ನು ಅಡ್ಡಲಾಗಿ ಹಾಕಿ ಕೈಹಿಡಿ ಇಡಬೇಕು. ಕಸ ಎಳೆಯುವವನು ಅದರ ಮೇಲೆ ನಿಲ್ಲಬೇಕೇ ಹೊರತು, ನೀರು ಹರಿಯುವಾಗ ಜಾಲರಿಯ ಮೇಲೆ ಕಾಲಿಡಕೂಡದು.

ಕಸ ಕಟ್ಟಿದೆಯೆಂದು ತಿಳಿಯುವ ಬಗೆ

ಜಾಲರಿಯ ಮುಂದೊಂದು ಹಿಂದೊಂದು ಕಲ್ಲುಕಂಬವನ್ನು ನೆಟ್ಟು, ಎರಡರ ಮೇಲೂ ಒಂದೇ ಮಟ್ಟದಿಂದ ಅಂಗುಲದ ಗೆರೆಗಳನ್ನು ಬಣ್ಣದಿಂದ ಬರೆಸಬೇಕು. ಚರಂಡಿ ತುಂಬಿ ಹರಿಯುವಾಗ ಎರಡು ಕಂಬಗಳ ನೀರಿನ ಮಟ್ಟಕ್ಕೆ ಮೂರು ಅಂಗುಲ ವ್ಯತ್ಯಾಸ ಕಂಡರೆ ಅರ್ಧ ಜಾಲರಿ ಮುಚ್ಚಿದೆಯೆಂದು ತಿಳಿದು ಕಸ ತೆಗೆಯಲು ಆರಂಭಿಸಬೇಕು. ಒಂದು ಗೇಣು ವ್ಯತ್ಯಾಸವಾದರೆ ಅಪಾಯ ಸಮೀಪಿಸಿತೆಂದು ತಿಳಿಯಬೇಕು. ಇಲ್ಲಿ ಒಂದು ಎಚ್ಚರಿಕೆಯುಂಟು. ಹರಿಯುವ ನೀರು ಅರ್ಧಕ್ಕೆ ಇಳಿದರೆ ಈ ವ್ಯತ್ಯಾಸವು ಅರ್ಧಕ್ಕಲ್ಲ, ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಸಣ್ಣ ಮಳೆಯಲ್ಲಿ ಒಂದು ಅಂಗುಲದ ವ್ಯತ್ಯಾಸ ಕಂಡರೂ ಅದನ್ನು ಅಲ್ಪವೆಂದು ಎಣಿಸದೆ, ಮುಂದಿನ ದೊಡ್ಡ ಮಳೆಗೆ ಮೊದಲು ಜಾಲರಿಯನ್ನು ಬಿಡಿಸಬೇಕು.

ಹಲುಬೆಯ ಹಲ್ಲುಗಳು ಸರಳುಗಳ ಸಂದಿಯಲ್ಲಿ ಸಲೀಸಾಗಿ ಇಳಿಯುವಂತೆ ಊರ ಕಮ್ಮಾರನಿಂದ ಮಾಡಿಸಬೇಕು. ಹಿಡಿಯ ಉದ್ದ ಎಂಟು ಅಡಿ ಇರಲಿ. ಕಸವನ್ನು ಕೆಳಗಿನಿಂದ ಮೇಲಕ್ಕೆ ಎಳೆದು ದಡದ ಮೇಲೆ ಹಾಕಿದರೆ ಕೆಲಸ ಮುಗಿಯಿತೆಂದು ತಿಳಿಯಬಾರದು. ದಡದ ಮೇಲೆ ಬಿಟ್ಟ ಕಸವು ಮುಂದಿನ ಮಳೆಯಲ್ಲಿ ಅದೇ ಜಾಲರಿಗೆ ಮರಳುತ್ತದೆ. ಅದನ್ನು ಅದೇ ದಿನ ಬಂಡಿಯಲ್ಲಿ ಸಾಗಿಸಬೇಕು. ಹುಲ್ಲು, ಸೊಪ್ಪು, ಸಣ್ಣ ಕಟ್ಟಿಗೆ ತಿಪ್ಪೆಗೆ ಸೇರಲಿ; ಪ್ಲಾಸ್ಟಿಕ್ಕು ಪಂಚಾಯತಿಯ ಕಸದ ಘಟಕಕ್ಕೆ ಹೋಗಲಿ, ಅದನ್ನು ಸುಡಕೂಡದು. ಔಷಧದ ಖಾಲಿ ಬಾಟಲಿಗಳನ್ನು ಬರಿಗೈಯಲ್ಲಿ ಮುಟ್ಟದೆ ಬೇರೆಯಾಗಿ ಇಡತಕ್ಕದ್ದು.

ಹಳ್ಳದ ತೇಲುಬೇಲಿ

ಜಾಲರಿಯನ್ನು ದಾಟಿಹೋದ ಬಾಟಲಿ, ಥರ್ಮೋಕೋಲು, ಚೀಟಿಗಳನ್ನು ಹಳ್ಳದಲ್ಲಿ ಹಿಡಿಯುವುದಕ್ಕೆ ತೇಲುಬೇಲಿಯನ್ನು ಬಳಸುತ್ತಾರೆ. ಇದು ಎರಡೂ ಬಾಯಿ ಮುಚ್ಚಿದ ಆರು ಅಂಗುಲದ ಪ್ಲಾಸ್ಟಿಕ್ ಕೊಳವೆಗಳನ್ನು ಹಗ್ಗದಿಂದ ಸಾಲಾಗಿ ಕೋದು, ಕೆಳಗೆ ಒಂದು ಅಡಿಯ ಬಲೆಯನ್ನು ಇಳಿಬಿಟ್ಟು, ಬಲೆಯು ಮೇಲೇಳದಂತೆ ಸರಪಳಿಯ ಭಾರ ಕಟ್ಟಿದ ಬೇಲಿ. ಮಸ್ಕಿ ಹಳ್ಳದಂಥ ಹಳ್ಳವು ಕಸವನ್ನು ಕೊನೆಗೆ ತುಂಗಭದ್ರೆಗೆ ಮುಟ್ಟಿಸುವುದರಿಂದ, ಹಿಡಿಯುವುದಾದರೆ ಹಳ್ಳದಲ್ಲಿಯೇ ಹಿಡಿಯುವುದು ಸುಲಭ.

ಈ ಬೇಲಿಯನ್ನು ಹಳ್ಳಕ್ಕೆ ನೇರ ಅಡ್ಡಲಾಗಿ ಕಟ್ಟಬಾರದು. ಹಾಗೆ ಕಟ್ಟಿದರೆ ಕಸವು ನಡುಹಳ್ಳದಲ್ಲಿ ಗುಡ್ಡೆಯಾಗುತ್ತದೆ, ಅದರ ಭಾರಕ್ಕೆ ಹಗ್ಗ ಹರಿಯುತ್ತದೆ, ಇಲ್ಲವೆ ಕಸವು ಬಲೆಯಡಿ ನುಸುಳುತ್ತದೆ. ಓರೆಯಾಗಿ ಕಟ್ಟಿದರೆ ಹರಿಯುವ ನೀರೇ ಕಸವನ್ನು ಬೇಲಿಯ ಮೈಗುಂಟ ಜಾರಿಸಿ ಒಂದು ದಡಕ್ಕೆ ತಂದು ಕೂಡಿಸುತ್ತದೆ. ಬಂಡಿಯ ದಾರಿಯಿರುವ ದಡಕ್ಕೆ ಬೇಲಿಯ ಕೆಳತುದಿಯನ್ನೂ, ಎದುರು ದಡದಲ್ಲಿ ಮೇಲುಗಡೆಗೆ ಇನ್ನೊಂದು ತುದಿಯನ್ನೂ ಕಟ್ಟಬೇಕು. 40 ಅಡಿ ಅಗಲದ ಹಳ್ಳಕ್ಕೆ 30 ಅಂಶದ ಓರೆಯಾದರೆ 80 ಅಡಿ ಬೇಲಿ ಬೇಕಾಗುತ್ತದೆ. ಬೇಲಿಯನ್ನು ಎದುರಿಸಿ ಬಡಿಯುವ ವೇಗವು ಆಗ ನೀರಿನ ವೇಗದ ಅರ್ಧಕ್ಕೆ ಇಳಿಯುತ್ತದೆ. ಚೆನ್ನೈಯ ಕೂವಂ ನದಿಯಲ್ಲಿ ಬೆಂಗಳೂರಿನವರು ತಯಾರಿಸಿ ಕಟ್ಟಿದ ಬೇಲಿಗಳು ಈ ಓರೆಯ ತತ್ತ್ವದವೇ. ಅಮೆರಿಕದ ಬಾಲ್ಟಿಮೋರಿನಲ್ಲಿ 2014ರಿಂದ ಇಂಥ ಬೇಲಿಗಳು ಜೋನ್ಸ್ ಫಾಲ್ಸ್ ಹೊಳೆಯ ಬಾಯಲ್ಲಿ ಕಸವನ್ನು ಒಂದು ಯಂತ್ರದ ಬಳಿಗೆ ಕೂಡಿಸುತ್ತವೆ. ಹೊಳೆಯ ನೀರು ತಿರುಗಿಸುವ ಚಕ್ರವೇ ಆ ಯಂತ್ರದ ಪಟ್ಟಿಯನ್ನು ಎಳೆದು ಕಸವನ್ನು ಮೇಲಕ್ಕೆ ಎತ್ತುತ್ತದೆ.

ಸ್ಥಳವನ್ನು ಆರಿಸುವ ಮೊದಲು ದಡದ ಮೇಲೆ 30 ಅಡಿ ಅಂತರದಲ್ಲಿ ಎರಡು ಗೂಟ ನೆಟ್ಟು, ಒಣಗಿದ ಜೋಳದ ದಂಟಿನ ತುಂಡೊಂದನ್ನು ನೀರಿಗೆ ಹಾಕಿ ಎಣಿಸಬೇಕು. 15 ಸೆಕೆಂಡು ಅಥವಾ ಹೆಚ್ಚು ಹೊತ್ತು ಹಿಡಿದರೆ ಅಲ್ಲಿ ಬೇಲಿಯು ಕೆಲಸ ಮಾಡೀತು. 10 ಸೆಕೆಂಡಿನಲ್ಲಿಯೇ ಸಾಗಿಹೋದರೆ ಕಸವು ಬಲೆಯಡಿ ನುಸುಳುವುದರಿಂದ, ಹಳ್ಳವು ಅಗಲವಾಗಿ ನೀರು ನಿಧಾನವಾಗುವ ಬೇರೆ ಜಾಗವನ್ನು ಹುಡುಕಬೇಕು.

ಈ ಸಾಧನದ ಮಿತಿಗಳನ್ನು ಮರೆಯಬಾರದು. ತೇಲುವುದನ್ನು ಮಾತ್ರ ಇದು ಹಿಡಿಯುತ್ತದೆ. ಒದ್ದೆ ಬಟ್ಟೆ, ಮಣ್ಣು ಹಿಡಿದ ಕೈಚೀಲ ಇವು ತಳದಲ್ಲಿಯೇ ಹರಿದುಹೋಗುತ್ತವೆ. ಎರಡನೆಯದಾಗಿ, ನಮ್ಮ ಹಳ್ಳಗಳು ವರ್ಷದ ಬಹುಭಾಗ ಮಂದವಾಗಿದ್ದು ಒಂದೇ ರಾತ್ರಿಯಲ್ಲಿ ಉಕ್ಕತಕ್ಕವು. 2020ರ ಅಕ್ಟೋಬರಿನಲ್ಲಿ ಮಸ್ಕಿ ಹಳ್ಳಕ್ಕೆ ಬಂದ ಪ್ರವಾಹವನ್ನು ಕಂಡವರಿಗೆ ಇದನ್ನು ಹೇಳಬೇಕಾದದ್ದಿಲ್ಲ. ಅಂಥ ನೀರಿನ ಮುಂದೆ ಯಾವ ತೇಲುಬೇಲಿಯೂ ನಿಲ್ಲದು, ನಿಲ್ಲಲೂ ಬಾರದು. ನಿಂತರೆ ಮರಗಳನ್ನು ಹಿಡಿದು ಸೇತುವೆಯ ಮುಂದೆ ಒಡ್ಡಾಗುತ್ತದೆ. ಆದಕಾರಣ ಎದುರು ದಡದ ಮೇಲುತುದಿಯನ್ನು ಉಳಿದ ಹಗ್ಗಕ್ಕಿಂತ ತೆಳುವಾದ ಹಗ್ಗದಿಂದ ಕಟ್ಟಬೇಕು. ಪ್ರವಾಹದಲ್ಲಿ ಅದು ಮೊದಲು ಹರಿದು, ಕೆಳತುದಿಯು ಮಾತ್ರ ಗಟ್ಟಿಯಾಗಿ ಉಳಿದು, ಬೇಲಿಯು ಬಂಡಿಯ ದಡದ ಮಗ್ಗುಲಿಗೆ ತಾನಾಗಿ ಮಲಗುತ್ತದೆ. ನೀರಿಳಿದ ಮೇಲೆ ಮತ್ತೆ ಕಟ್ಟಬಹುದು. ಮೇಲುಗಡೆಯ ಜಲಾಶಯದಿಂದ ನೀರು ಬಿಡುವ ಸೂಚನೆ ಬಂದರೆ ಬೇಲಿಯನ್ನು ಬಿಚ್ಚಿಬಿಡಬೇಕು. ಅದನ್ನು ಉಳಿಸಲು ಯಾರೂ ಹಳ್ಳಕ್ಕೆ ಇಳಿಯಕೂಡದು.

ಕಾಲುವೆಯ ವಿಷಯದಲ್ಲಿ ಸೂಚನೆ

ಮೇಲೆ ಹೇಳಿದ್ದೆಲ್ಲವೂ ಊರ ಚರಂಡಿ, ಹೊಲದ ಬಸಿಗಾಲುವೆ ಮತ್ತು ಹಳ್ಳಕ್ಕೆ ಅನ್ವಯಿಸತಕ್ಕದ್ದು. ನೀರಾವರಿ ಕಾಲುವೆಯಲ್ಲಿಯೂ ವಿತರಣಾ ನಾಲೆಯಲ್ಲಿಯೂ ರೈತರು ಸ್ವಂತವಾಗಿ ಜಾಲರಿ ಇಡಕೂಡದು. ಅಲ್ಲಿ ಒಂದು ಜಾಲರಿ ಕಟ್ಟಿಕೊಂಡರೆ ಮೇಲಿನವರ ಏರಿ ಒಡೆಯುತ್ತದೆ, ಕೊನೆಯಂಚಿನವರ ಭತ್ತ ಒಣಗುತ್ತದೆ. ಕಾಲುವೆಯ ಹರಿವಿಗೆ ಅಡ್ಡಿ ಮಾಡುವುದು 1965ರ ಕರ್ನಾಟಕ ನೀರಾವರಿ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಬೇಕಾದವರು ನೀರು ಬಳಕೆದಾರರ ಸಂಘದ ಮೂಲಕ ಕಾಲುವೆಯ ಇಂಜಿನಿಯರರಿಗೆ ಅರ್ಜಿ ಕೊಟ್ಟು, ಅವರ ಅಳತೆಯಂತೆಯೇ ಮಾಡಿಸಿಕೊಳ್ಳಬೇಕು.

ಹೊಸದಾಗಿ ಜಾಲರಿ ಇಟ್ಟ ಊರಿನಲ್ಲಿ ಮೊದಲ ಮಳೆಗಾಲವೆಲ್ಲ, ಎಳೆದ ಕಸವನ್ನು ಸಾಗಿಸುವ ಮುನ್ನ, ಅದು ಏನೆಂದು ಬರೆದಿಡುವುದು ಉಪಯುಕ್ತ. ಹತ್ತಿಕಟ್ಟಿಗೆಯೇ ಹೆಚ್ಚಾಗಿದ್ದರೆ ಚರಂಡಿಯ ದಂಡೆಯಲ್ಲಿ ಯಾರ ಬಣವೆಯಿದೆಯೆಂದು ನೋಡಿ ಅದನ್ನು ಇಪ್ಪತ್ತು ಹೆಜ್ಜೆ ಆಚೆಗೆ ಹಾಕಿಸಬಹುದು. ಜಾಲಿಯ ಕೊಂಬೆಯಾದರೆ ಬೇಸಿಗೆಯಲ್ಲಿ ಚರಂಡಿಯ ಮಗ್ಗುಲನ್ನು ಕಡಿಸಬಹುದು. ಕೈಚೀಲ, ಬಾಟಲಿಯಾದರೆ ಸಂತೆಯ ಮರುದಿನವೋ ಜಾತ್ರೆಯ ಮರುದಿನವೋ ಅದು ಹೆಚ್ಚುತ್ತದೆಯೇ ಎಂದು ನೋಡಿ ಆ ದಿನ ಗುಡಿಸುವ ಏರ್ಪಾಡು ಮಾಡಬಹುದು. ಎರಡನೆಯ ವರ್ಷ ಜಾಲರಿಯ ಮುಂದೆ ಬರುವ ಕಸ ಕಡಿಮೆಯಾಗಬೇಕು. ಕಡಿಮೆಯಾಗದಿದ್ದರೆ ಬರೆದಿಟ್ಟ ಪಟ್ಟಿಯನ್ನು ಪಂಚಾಯತಿಯ ಸಭೆಯಲ್ಲಿ ಓದಿಸಿ, ಕಸವು ಎಲ್ಲಿಂದ ಬರುತ್ತಿದೆಯೋ ಅಲ್ಲಿಗೆ ಸಭೆಯವರು ಹೋಗಿ ನೋಡತಕ್ಕದ್ದು.